ಬೀದಿಯ ಮರ, ನಲ್ಲಿ ಮಕ್ಕಳ ನಕ್ಷೆಯಲ್ಲಿ

ಎಂಟನೇ ತರಗತಿಯ ಮಕ್ಕಳು ಶಾಲೆಯ ಸುತ್ತಲಿನ ಮರಗಳನ್ನೂ ಸಾರ್ವಜನಿಕ ನಲ್ಲಿಗಳನ್ನೂ ಮೊಬೈಲಿನಲ್ಲಿ ಗುರುತಿಸಬೇಕು. ಇದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆ ಮತ್ತು ಎವೆರಿ ಡೋರ್ ಎಂಬ ಉಚಿತ ಆ್ಯಪ್ ಸಾಕು. 2004ರಲ್ಲಿ ಆರಂಭವಾದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು.

ಮೊದಲ ಪಾಠ ಶಾಲೆಯ ಅಂಗಳದಲ್ಲೇ ನಡೆಯಲಿ. ಮಕ್ಕಳು ಒಂದೇ ನಲ್ಲಿಯ ಬಳಿ ನಿಂತು ಮೂರು ಸಲ ಜಿಪಿಎಸ್ ನೋಡಲಿ. ಚುಕ್ಕೆ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ. ಬಯಲಿನಲ್ಲಿ ಮೊಬೈಲಿನ ಅಳತೆ ಸುಮಾರು 5 ಮೀಟರ್ ತಪ್ಪಬಹುದು. ದಟ್ಟ ಮರದಡಿ, ಎತ್ತರದ ಕಟ್ಟಡಗಳ ನಡುವೆ ಅದು ಇನ್ನೂ ಹೆಚ್ಚುತ್ತದೆ.

ಹೊಂಗೆ ಮರಗಳು 5 ಮೀಟರ್ ಅಂತರದಲ್ಲಿರುವ ಬೀದಿಯಲ್ಲಿ ಜಿಪಿಎಸ್ ಒಂದನ್ನೇ ನಂಬಿದರೆ ಎರಡನೇ ಮರ ಮೂರನೆಯದರ ಜಾಗಕ್ಕೆ ಹೋಗುತ್ತದೆ. ಆದ್ದರಿಂದ ಚುಕ್ಕೆಯನ್ನು ಉಪಗ್ರಹ ಚಿತ್ರದ ಮೇಲೆ ಸರಿಸಿ, ಗೇಟು ಅಥವಾ ತಿರುವಿನಿಂದ ಹೆಜ್ಜೆ ಎಣಿಸಿ ತಾಳೆ ನೋಡಬೇಕು.

ನಾಲ್ವರ ತಂಡಕ್ಕೆ ಬೀದಿಯ ಒಂದೇ ಬದಿ ಕೊಟ್ಟರೆ ಒಂದು ಮರ ಎರಡು ಸಲ ಸೇರುವುದಿಲ್ಲ. ಒಬ್ಬರು ಮೊಬೈಲ್ ಹಿಡಿಯಲಿ, ಒಬ್ಬರು ಹೆಜ್ಜೆ ಎಣಿಸಲಿ, ಒಬ್ಬರು ಕಾಗದದಲ್ಲಿ ಬರೆಯಲಿ, ಇನ್ನೊಬ್ಬರು ವಾಹನಗಳ ಮೇಲೆ ಕಣ್ಣಿಡಲಿ.

ಮರಕ್ಕೆ `natural=tree`, ನಲ್ಲಿಗೆ `man_made=water_tap` ಎಂಬ ಗುರುತು ಬೀಳುತ್ತದೆ. ನೀರು ಕುಡಿಯಲು ಯೋಗ್ಯವೆಂದು ಖಚಿತವಾದರೆ ಮಾತ್ರ `drinking_water=yes` ಸೇರಿಸಬೇಕು. ನಲ್ಲಿ ನೋಡಿ ಊಹಿಸಬಾರದು, ಪಂಚಾಯಿತಿಯನ್ನೋ ನಗರಸಭೆಯನ್ನೋ ಕೇಳಬೇಕು. ಕಾಂಪೌಂಡಿನೊಳಗಿನ ನಲ್ಲಿ ನಕ್ಷೆಗೆ ಬೇಡ.

ಕಳುಹಿಸುವ ಮುನ್ನ ತಂಡಗಳು ಕಾಗದಗಳನ್ನು ಅದಲುಬದಲು ಮಾಡಿ, ಐದು ಚುಕ್ಕೆಗಳನ್ನಾದರೂ ಬೀದಿಯಲ್ಲಿ ನಿಂತು ಮತ್ತೆ ಪರೀಕ್ಷಿಸಲಿ. ಶಿಕ್ಷಕರು ಈ ಹಂತವನ್ನು ಬಿಡಬಾರದು.