ರಸೀದಿಯೇ ಕಾಗದವನ್ನು ಕೊಂದ ರಾತ್ರಿ

ರಾತ್ರಿ 11ಕ್ಕೆ ಶುರುವಾದ ಬ್ಯಾಕಪ್ 11.10ಕ್ಕೆಲ್ಲ ಮುಗಿದಿರಬೇಕಿತ್ತು. 6 ಜಿಬಿಯ ಡೇಟಾಬೇಸ್, 100 ಮೆಗಾಬಿಟ್‌ನ ಲೈನು. ಸೆಕೆಂಡಿಗೆ 11 ಎಂಬಿಯಂತೆ ಹರಿದರೆ ಹತ್ತು ನಿಮಿಷವೂ ಬೇಡ. ಅವತ್ತು ಪರದೆ ಮೇಲೆ ಕಾಣುತ್ತಿದ್ದದ್ದು ಸೆಕೆಂಡಿಗೆ ಬರೀ 200 ಕೆಬಿ. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ: ಬೆಳಗ್ಗೆ ಏಳು ದಾಟುತ್ತದೆ. ಇಪ್ಪತ್ತು ವರ್ಷದ ಹಿಂದಿನ ಮಾತಿದು. ಬೆಂಗಳೂರಿನ ಒಂದು ಕಚೇರಿಯ ಸರ್ವರ್ ರೂಮಿನಲ್ಲಿ ನಾನು ರಾತ್ರಿ ಪಾಳಿಯ ಜೂನಿಯರ್ ಎಂಜಿನಿಯರ್, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. `ping` ಹಾಕಿದೆ. ನೂರು ಕಳಿಸಿದರೆ ನೂರೂ ವಾಪಸ್, ಒಂದೂ ಕಳೆದುಹೋಗಿಲ್ಲ. ದಾರಿ ಸರಿಯಿದೆ ಎಂದುಕೊಂಡೆ. ಆ ತೀರ್ಮಾನಕ್ಕೆ ನಾನು ತೆತ್ತ ಬೆಲೆ ಐದು ಗಂಟೆ.

ದೊಡ್ಡ ಫೈಲು ನೆಟ್‌ವರ್ಕಿನಲ್ಲಿ ಇಡಿಯಾಗಿ ಹೋಗುವುದಿಲ್ಲ. 1500 ಬೈಟಿನಷ್ಟು ದೊಡ್ಡ ಚೂರುಗಳಾಗಿ ಹೋಗುತ್ತದೆ. ಆ ಚೂರೇ ಪ್ಯಾಕೆಟ್. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರುತ್ತದೆ. ಆಚೆ ಬದಿಯ ಯಂತ್ರ ‘ಇಲ್ಲಿಯವರೆಗೆ ಬಂತು’ ಎಂದು ಆಗಾಗ ಪುಟ್ಟ ರಸೀದಿ ಕಳಿಸುತ್ತಿರುತ್ತದೆ. ರಸೀದಿ ಬರದಿದ್ದರೆ ಕಳಿಸುವವನು ಕಾದು, ಅದೇ ಚೂರನ್ನು ಮತ್ತೆ ಕಳಿಸಿ, ಮುಂದಕ್ಕೆ ನಿಧಾನವಾಗುತ್ತಾನೆ. ವೇಗ ಬೀಳುವುದು ಈ ಕಾಯುವಿಕೆಯಲ್ಲೇ.

ಹಾಗಾಗಿ ಎರಡೂ ತುದಿಯಲ್ಲಿ `tcpdump` ಹಚ್ಚಿ, ಒಂದೊಂದೇ ಪ್ಯಾಕೆಟ್ಟಿನ ಸಂಖ್ಯೆ ತಾಳೆ ನೋಡುತ್ತ ಕೂತೆ. 2.14ಕ್ಕೆ ಸಿಕ್ಕಿತು. ಡೇಟಾಬೇಸ್ ಯಂತ್ರದಿಂದ ಹೊರಟ ಒಂದು ಪ್ಯಾಕೆಟ್ ಬ್ಯಾಕಪ್ ಸರ್ವರ್ ತಲುಪಿರಲೇ ಇಲ್ಲ. ಅದರ ಹಿಂದಿನದು ತಲುಪಿದೆ, ಮುಂದಿನದೂ ತಲುಪಿದೆ. ಕೆಳಗೆ ಹೋದ ಹಾಗೆ ಅಂಥವು ನೂರಾರು. ನಡುವೆ ಇದ್ದದ್ದು ಎರಡು ಕೇಬಲ್ಲು, ಒಂದು ಸ್ವಿಚ್ಚು. ಅಷ್ಟೇ. ಆದರೂ ನಾನು ಹುಡುಕಿದ್ದು ಫೈರ್‌ವಾಲ್ ನಿಯಮಗಳನ್ನು, ರೂಟಿಂಗ್ ಪಟ್ಟಿಯನ್ನು! ಪ್ಯಾಕೆಟ್ಟಿನ ಗಾತ್ರವನ್ನು 1400ಕ್ಕೆ ಇಳಿಸಿ ನೋಡಿದೆ. ಕಳ್ಳತನ ಹಿತ್ತಲಲ್ಲಿ ಆಗಿದ್ದರೆ ನಾನು ದೂರು ಕೊಡಲು ದೆಹಲಿಗೆ ಹೊರಟಿದ್ದೆ.

ಐದು ಗಂಟೆಗೆ ನಮ್ಮ ಹಿರಿಯ ಎಂಜಿನಿಯರ್ ಬಂದರು. ನಾನು ಹಾಳೆಗಟ್ಟಲೆ ಗುರುತು ಹಾಕಿದ್ದನ್ನು ತೋರಿಸಲು ಹೋದರೆ ಅವರು ಅತ್ತ ನೋಡಲೇ ಇಲ್ಲ.

“ಕೇಬಲ್ ನೋಡಿದ್ಯೇನಪ್ಪಾ?”

“ಲೈಟ್ ಉರೀತಿದೆ ಸಾರ್, ಹಸಿರು.”

“ಬಲ್ಬ್ ಉರೀತಿದೆ ಅಂದ್ರೆ ಮನೇಲಿ ಜನ ಇದಾರೆ ಅಂತಾನಾ?”

ಕೇಬಲ್ ಕೀಳಿಸಿದರು. ಕನೆಕ್ಟರಿನ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಹೊಸದು ಹಾಕಿಸಿ, ಸ್ವಿಚ್ಚಿನ ತಪ್ಪು ಎಣಿಕೆಗಳನ್ನು ಸೊನ್ನೆ ಮಾಡಿಸಿ ಹತ್ತು ನಿಮಿಷ ಕಾಯಿಸಿದರು. ಎಣಿಕೆ ಮತ್ತೆ ಏರಿತು. ಅಂದರೆ ಕೇಬಲ್ ಅಲ್ಲ. ಆಮೇಲೆ ಸ್ವಿಚ್ಚಿನ ಅದೇ ಪುಟದ ಎರಡು ಸಾಲುಗಳ ಮೇಲೆ ಬೆರಳಿಟ್ಟರು:

```
Half-duplex, 100Mb/s
0 babbles, 3187 late collision, 8420 deferred
```

ಬ್ಯಾಕಪ್ ಸರ್ವರಿನಲ್ಲಿ `ethtool eth0` ಹೊಡೆಸಿದರು. ಅಲ್ಲಿದ್ದದ್ದು ಬೇರೆ ಕಥೆ:

```
Speed: 100Mb/s
Duplex: Full
Auto-negotiation: off
```

ಒಂದೇ ಕೇಬಲ್ಲಿನ ಎರಡು ತುದಿಯಲ್ಲಿ ಎರಡು ಕಾನೂನು. ಫುಲ್ ಡುಪ್ಲೆಕ್ಸ್ ಎಂದರೆ ಫೋನಿನಂತೆ, ಇಬ್ಬರೂ ಏಕಕಾಲಕ್ಕೆ ಮಾತಾಡಬಹುದು. ಹಾಫ್ ಡುಪ್ಲೆಕ್ಸ್ ಪೊಲೀಸರ ವಾಕಿಟಾಕಿಯಂತೆ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ನಮ್ಮಲ್ಲಿ ಸ್ವಿಚ್ಚಿನ ಕೈಯಲ್ಲಿ ವಾಕಿಟಾಕಿ, ಸರ್ವರಿನ ಕೈಯಲ್ಲಿ ಫೋನು.

ಸ್ವಿಚ್ಚು ಒಂದು ಪೂರ್ತಿ ಗಾತ್ರದ ಪ್ಯಾಕೆಟ್ ಕಳಿಸಲು ಸುಮಾರು 120 ಮೈಕ್ರೊಸೆಕೆಂಡ್ ಬೇಕು. ಅದು ಅರ್ಧ ಹೋಗಿರುವಾಗಲೇ ಸರ್ವರ್ ಹಿಂದಿನ ಪ್ಯಾಕೆಟ್ಟಿನ ರಸೀದಿಯನ್ನು ತಂತಿಗೆ ಬಿಡುತ್ತದೆ. ಅದರ ದೃಷ್ಟಿಯಲ್ಲಿ ತಪ್ಪೇನೂ ಇಲ್ಲ. ಸ್ವಿಚ್ಚಿಗೋ, ತಾನು ಮಾತಾಡುವಾಗ ಇನ್ನೊಂದು ದನಿ ಕೇಳಿದರೆ ಅದು ಡಿಕ್ಕಿ. ತಕ್ಷಣ ಬಾಯಿ ಮುಚ್ಚುತ್ತದೆ. ಮೊದಲ 64 ಬೈಟು, ಅಂದರೆ 5.12 ಮೈಕ್ರೊಸೆಕೆಂಡಿನ ಒಳಗೆ ಡಿಕ್ಕಿಯಾದರೆ ನಿಯಮದ ಪ್ರಕಾರ ಮತ್ತೆ ಪ್ರಯತ್ನಿಸುತ್ತದೆ. ಅದಾದ ಮೇಲೆ ಆಗುವುದು ‘ಲೇಟ್ ಕೊಲಿಷನ್’. ಸರಿಯಾಗಿ ಜೋಡಿಸಿದ ಜಾಲದಲ್ಲಿ ಅದು ಆಗಲೇಬಾರದು; ಆದರೆ ಸಾಮಾನ್ಯವಾಗಿ ಆ ಪ್ಯಾಕೆಟ್ಟನ್ನು ಅಲ್ಲೇ ಕೈಬಿಡಲಾಗುತ್ತದೆ. ಹಿಂದಿನ ಕಾಗದದ ರಸೀದಿ ಮುಂದಿನ ಕಾಗದವನ್ನು ಕೊಲ್ಲುತ್ತದೆ. ಸರ್ವರಿಗೆ ತಲುಪುವುದು ತುಂಡಾದ ಪ್ಯಾಕೆಟ್, ಸಿಆರ್‌ಸಿ ದೋಷವೆಂದು ಕಾರ್ಡೇ ಅದನ್ನು ಎಸೆಯುತ್ತದೆ. `tcpdump` ಕೂತಿರುವುದು ಕಾರ್ಡಿನ ಒಳಗಡೆಯ ಹೊಸ್ತಿಲಲ್ಲಿ. ಬೀದಿಯಲ್ಲಿ ಸತ್ತದ್ದು ಅದಕ್ಕೆ ಕಾಣದು.

`ping` ಯಾಕೆ ಮೋಸ ಮಾಡಿತು ಎಂಬುದೂ ಆಗ ಹೊಳೆಯಿತು. ಅದು ಸೆಕೆಂಡಿಗೊಂದು ಕೇಳುತ್ತದೆ, ಉತ್ತರ ಬರುವವರೆಗೆ ತಂತಿ ಖಾಲಿ. ಇಬ್ಬರೂ ಒಟ್ಟಿಗೆ ಮಾತಾಡುವ ಪ್ರಸಂಗವೇ ಬರುವುದಿಲ್ಲ. ಆ ಕ್ಷಣ ಬೇರೆ ಭಾರೀ ಸಂಚಾರ ಇಲ್ಲದಿದ್ದರೆ ಡುಪ್ಲೆಕ್ಸ್ ತಪ್ಪು `ping`ಗೆ ಕಾಣುವುದೇ ಇಲ್ಲ.

ತಪ್ಪು ಬಂದದ್ದೆಲ್ಲಿಂದ? ಮೊದಮೊದಲ ದಿನಗಳಲ್ಲಿ ಬೇರೆ ಬೇರೆ ಕಂಪನಿಯ ಸಾಧನಗಳು ತಮ್ಮಷ್ಟಕ್ಕೆ ಸರಿಯಾಗಿ ಒಪ್ಪಂದಕ್ಕೆ ಬರುತ್ತಿರಲಿಲ್ಲ. ಅದಕ್ಕೆ ಹಳಬರು ಎರಡೂ ತುದಿಯಲ್ಲಿ ‘100, ಫುಲ್’ ಎಂದು ಕೈಯಾರೆ ಬಿಗಿದುಬಿಡುತ್ತಿದ್ದರು. ಅವತ್ತು ಮಧ್ಯಾಹ್ನ ಹಳೆಯ ಸ್ವಿಚ್ಚು ಸುಟ್ಟು, ಹೊಸದು ಬಂದಿತ್ತು. ಅದು ‘ಆಟೋ’ದಲ್ಲಿತ್ತು. ಎದುರಿನ ತುದಿ ಮಾತುಕತೆಗೇ ಬರದಿದ್ದಾಗ, ಸಂಕೇತ ನೋಡಿ ವೇಗ 100 ಎಂದು ಅದು ಊಹಿಸಬಲ್ಲದು. ಡುಪ್ಲೆಕ್ಸ್ ಊಹಿಸಲು ಯಾವ ಕುರುಹೂ ಇಲ್ಲ. ಇಂಥಲ್ಲಿ ಹಾಫ್ ಎಂದುಕೊಳ್ಳಬೇಕು ಎಂಬುದು 1995ರ ಫಾಸ್ಟ್ ಈಥರ್ನೆಟ್ ಮಾನದಂಡದ ಕಟ್ಟಳೆ. ಸ್ವಿಚ್ಚು ಕಟ್ಟಳೆ ಮೀರಿರಲಿಲ್ಲ.

ಕೇಬಲ್ಲೋ ಡುಪ್ಲೆಕ್ಸೋ ಎಂದು ಬೇರೆ ಮಾಡುವುದು ಕಷ್ಟವಲ್ಲ. ಕೇಬಲ್ ಕೆಟ್ಟರೆ ಸಿಆರ್‌ಸಿ ದೋಷ ಏರುತ್ತದೆ, ಆದರೆ ಲೇಟ್ ಕೊಲಿಷನ್ ಸೊನ್ನೆಯಲ್ಲೇ ಇರುತ್ತದೆ; `ping` ಕೂಡ ಆಗೊಮ್ಮೆ ಈಗೊಮ್ಮೆ ಕಳೆದುಹೋಗುತ್ತದೆ. ಡುಪ್ಲೆಕ್ಸ್ ಆದರೆ ಫುಲ್ ತುದಿಯಲ್ಲಿ ಸಿಆರ್‌ಸಿ, ಹಾಫ್ ತುದಿಯಲ್ಲಿ ಲೇಟ್ ಕೊಲಿಷನ್, ಜೋಡಿಯಾಗಿಯೇ ಬರುತ್ತವೆ. ತಾಮ್ರದ ಗಿಗಾಬಿಟ್ ಲೈನಿನಲ್ಲಿ ಎರಡೂ ತುದಿ ಮಾತಾಡಿಕೊಳ್ಳುವುದು ಕಡ್ಡಾಯ, ಹಾಗಾಗಿ ಈ ಕಾಯಿಲೆ ಈಗ ಅಪರೂಪ. ಕೇಬಲ್ಲಿನದು ಹಾಗಲ್ಲ. ಗಿಗಾಬಿಟ್ಟಿಗೆ ಒಳಗಿನ ಎಂಟೂ ಎಳೆ ಬೇಕು, 100ಕ್ಕೆ ನಾಲ್ಕು ಸಾಕು. ಮನೆಯಲ್ಲಿ 300ರ ಪ್ಲಾನು ಹಾಕಿಸಿಕೊಂಡರೂ ವೇಗ 94ರ ಆಸುಪಾಸಿನಲ್ಲೇ ನಿಂತಿದ್ದರೆ, ಕಂಪನಿಗೆ ಬೈಯುವ ಮೊದಲು ರೂಟರಿನ ಕೇಬಲ್ ಬದಲಿಸಿ ನೋಡಿ. ಯಾವುದೋ ಒಂದು ಎಳೆ ಕಿತ್ತಿರಬಹುದು.

ನಾನು ಟೈಪಿಸಿದ್ದು ಒಂದೇ ಸಾಲು:

```
ethtool -s eth0 autoneg on
```

ಸ್ವಿಚ್ಚಿನ ದೀಪ ಆರಿತು, ಆಮೇಲೆ ಕಿತ್ತಳೆ ಬಣ್ಣಕ್ಕೆ ಬಂದು ನಿಂತಿತು. ಹೊಸ ಸಂಪರ್ಕದಿಂದ ಜಾಲದಲ್ಲಿ ಸುತ್ತುಬಳಸು ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಸ್ವಿಚ್ಚು ಮೂವತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ಕೆಲಸ ಹೋಯಿತೆಂದೇ ಲೆಕ್ಕ ಹಾಕಿದೆ. ಹಸಿರು ಬಂತು. ಆರು ಗಂಟೆಯಲ್ಲಿ 4.3 ಜಿಬಿ ಎಳೆದಿದ್ದ ಬ್ಯಾಕಪ್ಪು ಉಳಿದ 1.7 ಜಿಬಿಯನ್ನು ಮೂರು ನಿಮಿಷದೊಳಗೆ ಮುಗಿಸಿತು.

ತಿಂಗಳ ನಂತರ ರಾತ್ರಿ 11.40ಕ್ಕೆ ಫೋನು. ಪಾಳಿಯಲ್ಲಿದ್ದ ಹುಡುಗ ಬ್ಯಾಕಪ್ ಮತ್ತೆ ತೆವಳುತ್ತಿದೆ ಎಂದ, `ping` ಮಾತ್ರ ಸರಿಯಿದೆ ಎಂದೂ ಸೇರಿಸಿದ. ಸರ್ವರನ್ನು ಸಂಜೆ ಯಾರಾದರೂ ರೀಬೂಟ್ ಮಾಡಿದ್ದಾರಾ ಎಂದು ಕೇಳಿದೆ. ಹೌದಂತೆ. ನಾನು ಅವತ್ತು ಹೊಡೆದ ಸಾಲು ರೀಬೂಟ್ ಆಗುವವರೆಗೆ ಮಾತ್ರ ಬಾಳುವಂಥದ್ದು. ಹಳಬರು ಬರೆದಿಟ್ಟ ‘100, ಫುಲ್’ ಕಾನ್ಫಿಗರೇಷನ್ ಫೈಲಿನಲ್ಲಿ ಹಾಗೇ ಕೂತಿತ್ತು. ಅಳಿಸುವುದನ್ನು ನಾನೇ ಮರೆತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. “ಮೊದಲು ಕೇಬಲ್ ನೋಡು, ಆಮೇಲೆ ಡುಪ್ಲೆಕ್ಸ್” ಎಂದು ಗತ್ತಿನಿಂದ ಹೇಳಿ ಫೋನಿಟ್ಟೆ.