‘ದೊಡ್ಡ ಜೀವ ಉಳಿಯಿತಲ್ಲ’ ಎನ್ನುವ ಮುನ್ನ

ಎಂಟು ತಿಂಗಳು ತುಂಬಿದ ಬಸುರಿಗೆ ಮಗುವಿನ ಮಿಸುಕಾಟ ನಿಂತಂತೆ ಅನ್ನಿಸುತ್ತದೆ. ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಾಣುವುದಿಲ್ಲ. ಮಗು ಹೊಟ್ಟೆಯಲ್ಲೇ ತೀರಿಕೊಂಡರೂ ಹೆರಿಗೆ ತಪ್ಪುವುದಿಲ್ಲ. ಸಾಮಾನ್ಯವಾಗಿ ಔಷಧ ಕೊಟ್ಟು ನೋವು ಬರಿಸಿ ಹೆರಿಗೆ ಮಾಡಿಸುತ್ತಾರೆ. ಎರಡು ಮೂರು ದಿನದಲ್ಲಿ ಎದೆಗೆ ಹಾಲೂ ಇಳಿಯುತ್ತದೆ. ಬಾಣಂತಿ ಇದ್ದಾಳೆ, ಮಡಿಲಲ್ಲಿ ಮಗುವಿಲ್ಲ. ಆ ಹೊತ್ತಿಗೆ ಮನೆಗೆ ಬಂದ ನೆಂಟರು ಹೇಳುತ್ತಾರೆ: “ಸದ್ಯ, ದೊಡ್ಡ ಜೀವ ಉಳಿಯಿತಲ್ಲ. ಇನ್ನೂ ಚಿಕ್ಕ ವಯಸ್ಸು, ಮತ್ತೊಂದಾಗುತ್ತೆ ಬಿಡು.”

ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಆ ಮಾತು ತಾಯಿಗೆ ಕೇಳಿಸುವ ಬಗೆ ಬೇರೆ. ತಾನು ಬದುಕಿದ್ದಕ್ಕೆ ಸಂತೋಷಪಡಬೇಕು, ಅಳುವುದು ತಪ್ಪು ಎಂದಂತಾಗುತ್ತದೆ. ‘ಮಿಸುಕಾಟ ನಿಂತಿದ್ದು ನನಗೆ ಬೇಗ ತಿಳಿಯಬೇಕಿತ್ತು’ ಎಂದು ಮೊದಲೇ ತನ್ನನ್ನು ಹಳಿದುಕೊಳ್ಳುತ್ತಿರುವವಳ ಮೇಲೆ ಇನ್ನೊಂದು ತಪ್ಪು ಹೊರಿಸಿದಂತೆ. ‘ಮತ್ತೊಂದಾಗುತ್ತೆ’ ಎಂದಾಗ, ಹೋದ ಮಗುವಿನ ಜಾಗವನ್ನು ಬೇರೊಂದು ಮಗು ತುಂಬಬಹುದೆಂಬ ಅರ್ಥ ಬರುತ್ತದೆ. ಅವಳು ಹೆತ್ತಿದ್ದು ಈ ಮಗುವನ್ನು.

ಹೋಲಿಕೆಯ ಮಾತು ಇನ್ನೂ ಕಠಿಣ. “ಆಡಿ ಬೆಳೆದ ಮೇಲೆ ಹೋಗಿದ್ದರೆ ತಡೆಯೋಕಾಗ್ತಿತ್ತಾ? ನಮ್ಮ ನಾದಿನಿಗೆ ಎರಡು ಸಲ ಹೀಗಾಯ್ತು” ಎಂದ ಕೂಡಲೇ ತಾಯಿ ತನ್ನ ಸಂಕಟ ದೊಡ್ಡದೇ ಎಂದು ವಾದಿಸಬೇಕು, ಇಲ್ಲವೇ ಬಾಯಿ ಮುಚ್ಚಿಕೊಳ್ಳಬೇಕು. ಹೆಚ್ಚಿನವರು ಬಾಯಿ ಮುಚ್ಚಿಕೊಳ್ಳುತ್ತಾರೆ. “ನೀನು ಗಟ್ಟಿಯಾಗಿರು, ಅವಳನ್ನು ನೋಡಿಕೋ” ಎನ್ನಿಸಿಕೊಂಡ ತಂದೆಯೂ ಹಾಗೇ ಮೌನವಾಗುತ್ತಾನೆ. ನೆನೆಸಿಕೊಳ್ಳಲು ಫೋಟೊ, ತೊದಲು ಮಾತು ಏನೂ ಇಲ್ಲದ ಇಂಥ ದುಃಖಕ್ಕೆ ಇತರರು ಒಪ್ಪುವುದೇ ದೊಡ್ಡ ಆಸರೆ. ನಮ್ಮ ಕಾನೂನು ಅದನ್ನು ಹಿಂದೆಯೇ ಒಪ್ಪಿತ್ತು: 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ‘ಮಗು’ ಎಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತಿತ್ತು.

ಹಾಗಾದರೆ ಏನು ಹೇಳುವುದು? “ಮಗುವಿನ ವಿಷಯ ಕೇಳಿ ತುಂಬಾ ಸಂಕಟವಾಯ್ತಮ್ಮ. ಏನು ಹೇಳಬೇಕೋ ತಿಳೀತಿಲ್ಲ” ಎಂದರೆ ಸಾಕು. ಕಾರಣ ಕೆದಕಬೇಡಿ. “ಮಾತಾಡಬೇಕು ಅನ್ನಿಸಿದರೆ ಹೇಳು, ಇಲ್ಲದಿದ್ದರೆ ಸುಮ್ಮನೆ ಜೊತೆಗೆ ಕೂತಿರ್ತೀನಿ” ಎನ್ನಿ. ಅವರು ಮಗುವಿನ ಮಾತು ಎತ್ತಿದರೆ, “ಹೆಸರು ಅಂದುಕೊಂಡಿದ್ರಾ?” ಎಂದು ಮೆಲ್ಲಗೆ ಕೇಳಬಹುದು. ಹೆಸರಿಟ್ಟಿದ್ದರೆ ಆ ಹೆಸರನ್ನೇ ಬಳಸಿ. ತಂದೆಯನ್ನು “ನೀನು ಹೇಗಿದ್ದೀಯಪ್ಪ?” ಎಂದು ಬೇರೆಯಾಗಿ ವಿಚಾರಿಸಿ. “ಏನಾದರೂ ಬೇಕಿದ್ದರೆ ಕೇಳಿ” ಎನ್ನುವುದಕ್ಕಿಂತ “ನಾಳೆ ಮಧ್ಯಾಹ್ನ ಊಟ ತರಲಾ?” ಎಂಬುದು ಉಪಯೋಗದ ಮಾತು.

‘ದೊಡ್ಡ ಜೀವ ಉಳಿಯಿತು’ ಎಂದು ಹೆತ್ತವರೇ ಹೇಳಿಕೊಂಡರೆ ಹೂಂಗುಟ್ಟಿ; ಆ ಸಮಾಧಾನ ಅವರದು. ನೀವು ಹಿಂದೆ ಯಾರಿಗಾದರೂ ಹಾಗೆ ಹೇಳಿದ್ದರೆ, “ಆವತ್ತು ಹಾಗನ್ನಬಾರದಿತ್ತು, ಮಗುವಿನ ನೆನಪು ನನಗೂ ಇದೆ” ಎಂದು ಇಂದೇ ಫೋನ್ ಮಾಡಿ. ವರ್ಷಗಳಾಗಿದ್ದರೂ ಮಾಡಿ.