ಶಿಕಾಗೋದ ಅರ್ಧ ಉಂಗುರಗಳು

1925ರಲ್ಲಿ ಅರ್ನೆಸ್ಟ್ ಬರ್ಜೆಸ್ ಶಿಕಾಗೋ ನಗರವನ್ನು ಐದು ಉಂಗುರಗಳಾಗಿ ಬರೆದು ತೋರಿಸಿದರು. ನಡುವೆ ‘ಲೂಪ್’ ಎಂಬ ಪೇಟೆ. ಅದರ ಸುತ್ತ ಕಾರ್ಖಾನೆ, ಹಳೇ ಬಾಡಿಗೆಮನೆಗಳು. ಆಚೆಗೆ ಕಾರ್ಮಿಕರು, ಮಧ್ಯಮವರ್ಗ, ಕೊನೆಗೆ ದಿನವೂ ಊರೊಳಕ್ಕೆ ಬಂದುಹೋಗುವವರು. ಎರಡನೇ ಉಂಗುರದ ಮಾಲೀಕರು ಮನೆ ರಿಪೇರಿಗೆ ದುಡ್ಡು ಹಾಕುತ್ತಿರಲಿಲ್ಲ. ಪೇಟೆ ಅಲ್ಲಿಗೂ ಬೆಳೆದರೆ ಬೆಲೆ ಬರುವುದು ನೆಲಕ್ಕೆ, ಗೋಡೆಗಲ್ಲ! ಹೊಸ ವಲಸಿಗರಿಗೆ ಅಗ್ಗದ ಕೋಣೆ ಸಿಗುತ್ತಿದ್ದುದು ಅಲ್ಲೇ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಅವರು ಹೊರ ಉಂಗುರಕ್ಕೆ ಸರಿಯುತ್ತಿದ್ದರು.

ಆದರೆ ಪೂರ್ವಕ್ಕೆ ಮಿಷಿಗನ್ ಸರೋವರ. ಉಂಗುರಗಳು ಅರ್ಧಕ್ಕೇ ನಿಂತವು. ಸಿರಿವಂತರ ಗೋಲ್ಡ್ ಕೋಸ್ಟ್ ಲೂಪ್‌ಗೆ ಹತ್ತಿರದಲ್ಲೇ, ಕೊಳೆಗೇರಿಯ ಪಕ್ಕದಲ್ಲೇ ಇತ್ತು. 1939ರಲ್ಲಿ ಹೋಮರ್ ಹಾಯ್ಟ್ ಬಾಡಿಗೆಯ ಲೆಕ್ಕ ನೋಡಿ, ಶ್ರೀಮಂತರ ಬಡಾವಣೆ ಕಲ್ಲಂಗಡಿ ಹೋಳಿನಂತೆ ಒಂದು ದಿಕ್ಕಿಗೆ ಚಾಚುತ್ತದೆ ಎಂದರು. ನಮ್ಮ ಬೆಂಗಳೂರಿಗಂತೂ ಪೇಟೆ, ದಂಡು ಎಂದು ಎರಡು ನಡುಗಳು. ಉಂಗುರ ಎಲ್ಲಿಂದ ಎಳೆಯುವುದು?